ಹನ್ನೆರಡು ಲೀಟರಿನ ಎರಡು ಹಸು

ಶಿಡ್ಲಘಟ್ಟದ ಕಡೆಯ ಶಾಲೆಯಲ್ಲಿ ಎಂಟನೇ ತರಗತಿಗೆ ನೇರ ಅನುಪಾತ ಮಾಡುತ್ತಿದ್ದೆ. ‘10 ಲೀಟರ್ ಕೊಡುವ ಹಸುವಿಗೆ 50,000 ರೂಪಾಯಿ, 12 ಲೀಟರಿನದಕ್ಕೆ?’ ಹಿಂದಿನ ಬೆಂಚಿನ ಹುಡುಗಿ ಕೇಳಿದಳು: ‘ಕರು ಹಾಕಿ ಎಷ್ಟು ದಿನ ಆಯ್ತು ಸಾರ್?’

ಬೋರ್ಡಿನ ಮೇಲೆ 12 ಲೀಟರಿನ ಎರಡು ಹಸು ಬರೆದೆವು, ಎರಡೂ ಎರಡನೇ ಸೂಲಿನ ಎಚ್.ಎಫ್. ಒಂದು ಕರು ಹಾಕಿ ಐವತ್ತು ದಿನ. ಹಾಲು ಏರುವಷ್ಟು ಏರಿದೆ, ಇನ್ನು ಇಳಿಯುವುದೇ. ಇನ್ನೊಂದಕ್ಕೆ ಆರು ತಿಂಗಳು. ಈಗಲೂ ಅಷ್ಟು ಕೊಡುತ್ತಿದ್ದರೆ ಮೊದಲು ಇನ್ನೂ ಹೆಚ್ಚು ಕೊಟ್ಟಿರಬೇಕು. ಗಬ್ಬವಾಗಿದ್ದರೆ ಅದನ್ನು ಬಿಡಬಾರದು. ಆಗಿಲ್ಲದಿದ್ದರೆ ಹಾಲು ಬತ್ತಿದ ಮೇಲೆ ಬರೀ ಮೇವಿನ ಖರ್ಚು.

‘ಕೆಚ್ಚಲು ನೋಡಿ ನಂಬಬಾರದು ಸಾರ್, ಒಂದು ಹೊತ್ತು ಕರೀದೆ ಬಿಟ್ಟಿರ್ತಾರೆ.’ ಅವರಪ್ಪ ಎದುರಿಗೇ ಪೂರ್ತಿ ಕರೆಸಿ, ಮುಂದಿನ ಎರಡು ಹೊತ್ತಿನ ಹಾಲು ಅಳೆಯುತ್ತಾರಂತೆ.

ಮರುದಿನದ ಪಾಠಯೋಜನೆಯಲ್ಲಿ ಹಸು ತೆಗೆದು ಡೈರಿ ಹಾಲಿನ ದರ ಹಾಕಿದೆ. ಅದೂ ಫ್ಯಾಟ್ ನೋಡಿ ಬದಲಾಗುತ್ತದೆಂದು ನೆನಪಾಗಿ, ಕೊನೆಗೆ ಹಿಂಡಿ ಮೂಟೆ ಬರೆದೆ.