ಹೆಸರು ಬದಲಾದ ಶೇರು, ಸೊನ್ನೆಯಾದ ಸಾಲು

ಜಮೀನಿನ ವಿಷಯದಲ್ಲಿ ನಮ್ಮ ಕಡೆ ಯಾರೂ ಹೆಸರನ್ನು ನಂಬುವುದಿಲ್ಲ. 'ಬಾಕಿಮಾರು ಗದ್ದೆ' ಎಂದರೆ ಊರಿಗೆಲ್ಲ ಗೊತ್ತಾಗುತ್ತದೆ, ಆದರೆ ತಾಲ್ಲೂಕು ಕಚೇರಿಯಲ್ಲಿ ಕೇಳುವುದು ಸರ್ವೆ ನಂಬರ್. ಶೇರಿನ ವಿಷಯಕ್ಕೆ ಬಂದರೆ ಮಾತ್ರ ಅದೇ ಜನ ಕರೆಯುವ ಹೆಸರನ್ನೇ ಬರೆದಿಟ್ಟುಕೊಳ್ಳುತ್ತಾರೆ. ಆ ಹೆಸರು ಬದಲಾದ ದಿನ ಪಟ್ಟಿಯ ಒಂದು ಸಾಲು ಸತ್ತುಹೋಗುತ್ತದೆ. ಅದು ಸತ್ತದ್ದು ಮಾತ್ರ ಯಾರಿಗೂ ಗೊತ್ತಾಗುವುದಿಲ್ಲ.

ನಾವು ನಾಲ್ಕು ಜನ ಸೇರಿ ಆಸುಪಾಸಿನ ಕೆಲವು ಮನೆಗಳ ಶೇರು ಪಟ್ಟಿಯನ್ನು ನೋಡಿಕೊಳ್ಳುತ್ತೇವೆ. ಯಾವುದನ್ನು ಕೊಳ್ಳಬೇಕು, ಯಾವುದನ್ನು ಮಾರಬೇಕು ಎಂದು ನಾವು ಹೇಳುವುದಿಲ್ಲ. ಇದ್ದದ್ದು ಇದೆಯೋ ಇಲ್ಲವೋ ಎಂದು ನೋಡುವುದಷ್ಟೇ ನಮ್ಮ ಕೆಲಸ. ಕರಾವಳಿಯ ಮನೆಗಳಲ್ಲಿ ಬ್ಯಾಂಕ್ ಶೇರು ಇರುವುದು ಸಾಮಾನ್ಯ. ಇಲ್ಲೇ ಹುಟ್ಟಿದ ಬ್ಯಾಂಕುಗಳು ತಾನೇ! ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಊರಿನ ಬೋರ್ಡ್ ಬದಲಾದದ್ದನ್ನು ಎಲ್ಲರೂ ನೋಡಿದ್ದಾರೆ. ಶೇರಿನ ಸಾಲು ಏನಾಯಿತು ಎಂದು ನೋಡಿದವರು ಕಡಿಮೆ.

ಒಬ್ಬರು ನಿವೃತ್ತ ಪಿಗ್ಮಿ ಏಜೆಂಟರು ಮಕ್ಕಳಿಗೆ ಪಾಲು ಬರೆದಿಡಬೇಕು ಎಂದು ತಮ್ಮ ಪಟ್ಟಿಯನ್ನು ನಮಗೆ ಕೊಟ್ಟರು. ಮುಂಬೈಯ ಅಳಿಯ ವರ್ಷಗಳ ಹಿಂದೆ ಮಾಡಿಕೊಟ್ಟ ಗೂಗಲ್ ಶೀಟ್ ಅದು, ಅರವತ್ತಕ್ಕೂ ಹೆಚ್ಚು ಸಾಲು. "ಒಟ್ಟು ಯಾಕೋ ಕಡಿಮೆ ಕಾಣ್ತದೆ ಮಾರಾಯ್ರೆ, ನಾನೇನೂ ಮಾರ್ಲಿಲ್ಲ" ಎಂದರು. ಸಿಂಡಿಕೇಟ್ ಬ್ಯಾಂಕಿನ 200 ಶೇರಿನ ಸಾಲಿನಲ್ಲಿ ಹೀಗೆ ಬರೆದಿತ್ತು:

```
=IFERROR(GOOGLEFINANCE("NSE:SYNDIBANK","price")*200,0)
```

ಬೆಲೆ ಸಿಗದಿದ್ದರೆ ಸೊನ್ನೆ ತೋರಿಸು ಎಂದು ಇದರ ಅರ್ಥ. ಶೀಟಿನಲ್ಲಿ ಕೆಂಪು ಗುರುತು ಬಂದರೆ ಮಾವ ಗಾಬರಿಯಾಗುತ್ತಾರೆ ಎಂದು ಅಳಿಯ ಹಾಗೆ ಮಾಡಿರಬೇಕು. ಆದರೆ ಬರಬೇಕಾದ ಗಾಬರಿಯನ್ನೂ ಆ IFERROR ನುಂಗಿಬಿಟ್ಟಿತು. ಅದನ್ನು ತೆಗೆದರೆ #N/A ಎಂದು ಬರುತ್ತದೆ, ನೋಡಲು ಚೆಂದವಿಲ್ಲ, ಆದರೆ ನಿಜ ಹೇಳುತ್ತದೆ. ನಾವು ಯಾವ ಪಟ್ಟಿಯಲ್ಲೂ ಮೊದಲು ಮಾಡುವ ಕೆಲಸ ಇದೇ.

ಇಲ್ಲಿ ಇನ್ನೊಂದು ಅಪಾಯವಿದೆ, ಅದು ಸೊನ್ನೆಗಿಂತ ದೊಡ್ಡದು. 'ಸಿಂಡಿಕೇಟ್ ಈಗ ಕೆನರಾ ಅಲ್ವಾ' ಎಂದು SYNDIBANK ತೆಗೆದು CANBK ಎಂದು ಬರೆದು, 200 ಅನ್ನು ಹಾಗೇ ಬಿಡುವುದು. ಆಗ ಸಾಲು ಜೀವಂತವಾಗಿ ಕಾಣುತ್ತದೆ, ಲೆಕ್ಕ ಮಾತ್ರ ಪೂರ್ತಿ ಸುಳ್ಳು.

ಲೆಕ್ಕ ಹೀಗಿದೆ. ವಿಲೀನದಲ್ಲಿ 1000 ಸಿಂಡಿಕೇಟ್ ಶೇರಿಗೆ 158 ಕೆನರಾ ಶೇರು ಕೊಟ್ಟರು. 200ಕ್ಕೆ 31.6 ಆಗುತ್ತದೆ. ಡಿಮ್ಯಾಟ್ ಖಾತೆಗೆ ಬರುವುದು 31, ಉಳಿದ ಚೂರಿಗೆ ಹಣ. ಕಥೆ ಅಲ್ಲಿಗೂ ಮುಗಿಯಲಿಲ್ಲ. 2024ರ ಮೇ ತಿಂಗಳಲ್ಲಿ ಕೆನರಾ ಬ್ಯಾಂಕ್ ತನ್ನ 10 ರೂಪಾಯಿ ಮುಖಬೆಲೆಯ ಶೇರನ್ನು 2 ರೂಪಾಯಿಯ ಐದು ಶೇರಾಗಿ ಒಡೆಯಿತು. 31 ಇದ್ದದ್ದು 155 ಆಯಿತು. ಬೆಲೆಯೂ ಅದೇ ಲೆಕ್ಕದಲ್ಲಿ ಐದನೇ ಒಂದು ಭಾಗಕ್ಕೆ ಇಳಿಯಿತು. 31 ಎಂದೇ ಬರೆದುಕೊಂಡವರಿಗೆ ಅಂದು ನೂರರಲ್ಲಿ ಎಂಬತ್ತು ಭಾಗ ನಷ್ಟವಾದಂತೆ ಕಂಡಿರುತ್ತದೆ. ನಿಜದಲ್ಲಿ ಒಂದು ರೂಪಾಯಿಯೂ ಹೋಗಿರಲಿಲ್ಲ.

ಹಾಗಾಗಿ ಹಿರಿಯರ 200 ಶೇರು ಇಂದು 155 ಕೆನರಾ ಶೇರು. ಅದು ಡಿಮ್ಯಾಟ್ ಖಾತೆಯಲ್ಲಿ ಸುಮ್ಮನೆ ಕೂತಿತ್ತು, ಪಾಲಿನ ಪಟ್ಟಿಯಲ್ಲಿ ಮಾತ್ರ ಇರಲಿಲ್ಲ. ಆ ಪಟ್ಟಿ ನೋಡಿಯೇ ಪಾಲು ಬರೆದಿದ್ದರೆ ಅದು ಯಾರ ಹೆಸರಿಗೂ ಹೋಗುತ್ತಿರಲಿಲ್ಲ. ಡಿವಿಡೆಂಡ್ ವಿಷಯವನ್ನೂ ನೋಡಬೇಕಿತ್ತು. SYNB ಎಂದು ಶುರುವಾಗುವ ಹಳೆ ಐಎಫ್‌ಎಸ್‌ಸಿ ಕೋಡ್ 2021ರ ಜುಲೈ 1ರಿಂದ ನಡೆಯುತ್ತಿಲ್ಲ. ಡಿಮ್ಯಾಟ್ ಖಾತೆಗೆ ಜೋಡಿಸಿದ ಬ್ಯಾಂಕ್ ವಿವರದಲ್ಲಿ ಅದೇ ಉಳಿದಿದ್ದರೆ ಡಿವಿಡೆಂಡ್ ವಾಪಸ್ ಹೋಗಬಹುದು. ಏಳು ವರ್ಷ ಯಾರೂ ಕೇಳದ ಡಿವಿಡೆಂಡ್ ಸರ್ಕಾರದ ಹೂಡಿಕೆದಾರರ ರಕ್ಷಣಾ ನಿಧಿಗೆ ಸೇರುತ್ತದೆ. ಅಲ್ಲಿಂದ ವಾಪಸ್ ಪಡೆಯಬಹುದು, ಆದರೆ ಅರ್ಜಿ, ದಾಖಲೆ, ಓಡಾಟ ಎಲ್ಲ ಬೇಕು.

ಈಗ ಸರ್ವೆ ನಂಬರ್ ವಿಷಯ. ಪ್ರತಿ ಶೇರಿಗೂ ಐಎಸ್‌ಐಎನ್ ಎಂಬ 12 ಅಕ್ಷರ-ಅಂಕಿಗಳ ಗುರುತು ಇದೆ. ಡಿಮ್ಯಾಟ್ ಕಡೆಯಿಂದ ಇಮೇಲ್‌ನಲ್ಲಿ ಬರುವ ಒಟ್ಟು ಖಾತೆ ವಿವರದಲ್ಲಿ ಪ್ರತಿ ಶೇರಿನ ಜೊತೆ ಅದು ಇದ್ದೇ ಇರುತ್ತದೆ. ಕೆನರಾ ಬ್ಯಾಂಕಿನದು ಒಡೆಯುವ ಮುಂಚೆ INE476A01014, ಒಡೆದ ಮೇಲೆ INE476A01022. ಮೊದಲ ಏಳು, ಅಂದರೆ INE476A, ಕಂಪನಿಯ ಗುರುತು, ಅದು ಬದಲಾಗಿಲ್ಲ. ಮುಂದಿನ 01 ಸಾಮಾನ್ಯ ಶೇರು ಎಂಬ ಗುರುತು. ಅದರ ಮುಂದಿನ 01 ಇದ್ದದ್ದು 02 ಆಗಿದೆ. ಕೊನೆಯ ಅಂಕಿ ತಪ್ಪು ಟೈಪಿಂಗ್ ಹಿಡಿಯಲು ಇಟ್ಟದ್ದು. ಜಮೀನು ಪೋಡಿಯಾದಾಗ ಸರ್ವೆ ನಂಬರ್ ಉಳಿದು ಹಿಸ್ಸಾ ಬದಲಾಗುತ್ತದಲ್ಲ, ಹೆಚ್ಚುಕಡಿಮೆ ಹಾಗೆ.

ಬರೀ ಹೆಸರು ಬದಲಾದರೆ ಐಎಸ್‌ಐಎನ್ ಬದಲಾಗುವುದಿಲ್ಲ. ಝೊಮ್ಯಾಟೊ ಕಂಪನಿ 2025ರಲ್ಲಿ ಎಟರ್ನಲ್ ಆಗಿ, ZOMATO ಎಂಬ ಚಿಹ್ನೆ ETERNAL ಆದಾಗಲೂ ಐಎಸ್‌ಐಎನ್ ಹಳೆಯದೇ ಉಳಿಯಿತು. ನಮ್ಮ ಇಡೀ ಪದ್ಧತಿ ಇದರ ಮೇಲೆ ನಿಂತಿದೆ. ಪಟ್ಟಿಯಲ್ಲಿ ನಾವು ಚಿಹ್ನೆಯನ್ನು ಕೈಯಿಂದ ಬರೆಯುವುದೇ ಇಲ್ಲ.

ತಿಂಗಳಿಗೊಮ್ಮೆ ಎನ್‌ಎಸ್‌ಇ ಜಾಲತಾಣದ Securities available for Trading ಪುಟದಿಂದ EQUITY_L.csv ಇಳಿಸಿಕೊಳ್ಳುತ್ತೇವೆ. ಅದನ್ನು ನಮ್ಮ ಶೀಟಿನಲ್ಲೇ NSE ಎಂಬ ಇನ್ನೊಂದು ಹಾಳೆಗೆ ಅಂಟಿಸುತ್ತೇವೆ. ಅದರ A ಕಾಲಮಿನಲ್ಲಿ ಚಿಹ್ನೆ, G ಕಾಲಮಿನಲ್ಲಿ ಐಎಸ್‌ಐಎನ್ ಇರುತ್ತದೆ. ನಮ್ಮ ಪಟ್ಟಿಯ B ಕಾಲಮಿನಲ್ಲಿ ಮನೆಯವರ ಶೇರಿನ ಐಎಸ್‌ಐಎನ್. ಚಿಹ್ನೆಯನ್ನು ಶೀಟೇ ಹುಡುಕಿಕೊಳ್ಳಲಿ:

```
=INDEX(NSE!A:A, MATCH(B2, NSE!G:G, 0))
```

ಹೆಸರು ಬದಲಾದ ಶೇರು ಇಲ್ಲಿ ತಾನಾಗಿಯೇ ಹೊಸ ಚಿಹ್ನೆ ಪಡೆಯುತ್ತದೆ, ನಾವು ಕೈ ಹಾಕಬೇಕಾಗಿಲ್ಲ. #N/A ಬಂದರೆ ಮಾತ್ರ ನಿಜವಾಗಿ ಏನೋ ಆಗಿದೆ ಎಂದರ್ಥ. ಏನಾಗಿದೆ ಎಂದು ತಿಳಿಯಲು ಮೊದಲ ಏಳು ಅಕ್ಷರ ಸಾಕು:

```
=COUNTIF(NSE!G:G, LEFT(B2,7)&"*")
```

ಉತ್ತರ 1 ಬಂದರೆ ಕಂಪನಿ ಇದೆ, ಶೇರು ಒಡೆದಿದೆ ಅಥವಾ ಮುಖಬೆಲೆ ಬದಲಾಗಿದೆ. ಸೊನ್ನೆ ಬಂದರೆ ಕಂಪನಿಯೇ ಆ ಪಟ್ಟಿಯಲ್ಲಿಲ್ಲ. ಒಂದೋ ವಿಲೀನ, ಇಲ್ಲ ಡೀಲಿಸ್ಟ್. ಆಗ ಕಂಪನಿ ವಿನಿಮಯ ಕೇಂದ್ರಕ್ಕೆ ಕೊಟ್ಟ ಪ್ರಕಟಣೆ ಓದಲೇಬೇಕು, ಅದಕ್ಕೆ ಅಡ್ಡದಾರಿ ಇಲ್ಲ. ಈ ಫೈಲಿನಲ್ಲಿ ಎನ್‌ಎಸ್‌ಇಯ ಮುಖ್ಯ ಪಟ್ಟಿಯ ಶೇರುಗಳು ಮಾತ್ರ ಇರುತ್ತವೆ ಎಂಬುದು ನೆನಪಿರಲಿ. ಬಿಎಸ್‌ಇಯಲ್ಲಿ ಮಾತ್ರ ಇರುವುದನ್ನು ನಾವು ಬೇರೆಯೇ ನೋಡುತ್ತೇವೆ.

ಓದಿದ್ದನ್ನು ಮೂರನೇ ಹಾಳೆಯಲ್ಲಿ ಬರೆಯುತ್ತೇವೆ, ಅದಕ್ಕೆ 'ಮ್ಯುಟೇಷನ್' ಎಂದೇ ಹೆಸರಿಟ್ಟಿದ್ದೇವೆ. ದಿನಾಂಕ, ಹಳೆ ಐಎಸ್‌ಐಎನ್, ಹೊಸ ಐಎಸ್‌ಐಎನ್, ಕಾರಣ, ಎಷ್ಟರಿಂದ ಗುಣಿಸಬೇಕು. ಹಿರಿಯರ ಸಿಂಡಿಕೇಟ್ ಶೇರಿಗೆ ಅಲ್ಲಿ ಎರಡು ಸಾಲು ಇದೆ: ವಿಲೀನಕ್ಕೆ 0.158, ಒಡೆದದ್ದಕ್ಕೆ 5. ಹಳೆ ಸಾಲನ್ನು ಅಳಿಸುವುದಿಲ್ಲ. ಮಗಳು ನಾಳೆ 'ಅಪ್ಪ ಕೊಂಡದ್ದು ಸಿಂಡಿಕೇಟ್, ಇದು ಯಾವ ಕೆನರಾ' ಎಂದು ಕೇಳಿದರೆ ತೋರಿಸಬೇಕಲ್ಲ. ಕೆಲವೊಮ್ಮೆ ಸರಪಣಿ ಬೇಗ ಉದ್ದವಾಗುತ್ತದೆ. ಬೆಂಗಳೂರಿನ ಮೈಂಡ್‌ಟ್ರೀ 2022ರ ನವೆಂಬರ್‌ನಲ್ಲಿ ಎಲ್ ಅಂಡ್ ಟಿ ಇನ್ಫೋಟೆಕ್ ಜೊತೆ ಸೇರಿತು, 100 ಶೇರಿಗೆ 73. ಮರುತಿಂಗಳೇ ಆ LTI ಚಿಹ್ನೆಯೂ LTIM ಆಯಿತು. ಮೊದಲ ಕೊಂಡಿ ಮಾತ್ರ ಬರೆದುಕೊಂಡವರ ಸಾಲು ಒಂದೇ ತಿಂಗಳಲ್ಲಿ ಎರಡನೇ ಸಲ ಮುರಿಯಿತು.

ವಿಲೀನ ಎಂದ ಮಾತ್ರಕ್ಕೆ ಬದಲಿ ಶೇರು ಸಿಗುತ್ತದೆ ಎಂದು ತಿಳಿಯಬಾರದು. ಲಕ್ಷ್ಮಿ ವಿಲಾಸ್ ಬ್ಯಾಂಕ್ 2020ರ ನವೆಂಬರ್ 27ರಂದು ಡಿಬಿಎಸ್ ಬ್ಯಾಂಕ್ ಇಂಡಿಯಾದಲ್ಲಿ ಸೇರಿದಾಗ ಠೇವಣಿ ಇಟ್ಟವರ ಹಣ ಉಳಿಯಿತು, ಶೇರುದಾರರಿಗೆ ಏನೂ ಸಿಗಲಿಲ್ಲ. ಅಲ್ಲಿ ಗುಣಿಸುವ ಸಂಖ್ಯೆ ಸೊನ್ನೆ. ಈ ಸೊನ್ನೆಗೂ IFERROR ಕೊಟ್ಟ ಸೊನ್ನೆಗೂ ವ್ಯತ್ಯಾಸ ತಿಳಿಯುವುದು ಮ್ಯುಟೇಷನ್ ಹಾಳೆಯಿಂದ ಮಾತ್ರ.

ಡೀಲಿಸ್ಟ್ ಆಗುವುದರಲ್ಲಿ ದಿನಾಂಕವೇ ಮುಖ್ಯ. ಕಂಪನಿಯ ಮಾಲೀಕರೇ ಶೇರುಗಳನ್ನೆಲ್ಲ ಕೊಂಡು ಮಾರುಕಟ್ಟೆಯಿಂದ ಹೊರಹೋದರೆ, ಕೊಡದೆ ಉಳಿದವರಿಗೆ ಅದೇ ಬೆಲೆಗೆ ಮಾರಲು ಕನಿಷ್ಠ ಒಂದು ವರ್ಷ ಅವಕಾಶವಿರುತ್ತದೆ. ಆ ವರ್ಷ ಕಳೆದರೆ ಕೈಯಲ್ಲಿರುವುದು ಮಾರಲು ಜಾಗವಿಲ್ಲದ ಶೇರು. ಸಾಲು ಸದ್ದಿಲ್ಲದೆ ಮುರಿದಿದ್ದರೆ ಆ ಒಂದು ವರ್ಷವೇ ಕೈತಪ್ಪುತ್ತದೆ. ನಿಯಮ ಪಾಲಿಸದ ಕಂಪನಿಯಾದರೆ ಮುನ್ಸೂಚನೆ ಇದೇ ಫೈಲಿನ ಮೂರನೇ ಕಾಲಮಿನಲ್ಲಿ ಸಿಗುತ್ತದೆ. ಸಾಮಾನ್ಯವಾಗಿ ಅಲ್ಲಿ EQ ಎಂದಿರುತ್ತದೆ. BZ ಎಂದು ಬಂದರೆ ನಾವು ಆ ಮನೆಯವರಿಗೆ ಫೋನ್ ಮಾಡಿಬಿಡುತ್ತೇವೆ.

ಐಎಸ್‌ಐಎನ್ ಹಿಡಿಯದ ಬದಲಾವಣೆಯೂ ಇದೆ. ಇನ್ಫೋಸಿಸ್ 2018ರ ಸೆಪ್ಟೆಂಬರ್‌ನಲ್ಲಿ ಒಂದಕ್ಕೊಂದು ಬೋನಸ್ ಕೊಟ್ಟಾಗ ಬೆಲೆ ಅರ್ಧವಾಯಿತು, ಶೇರು ಎರಡರಷ್ಟಾಯಿತು, ಐಎಸ್‌ಐಎನ್ ಅದೇ ಇತ್ತು. ಇಂಥದ್ದಕ್ಕೆ ಸೂತ್ರ ಕೆಲಸ ಮಾಡುವುದಿಲ್ಲ. ವರ್ಷಕ್ಕೆ ಎರಡು ಸಲ ಡಿಮ್ಯಾಟ್ ವಿವರ ತೆಗೆದು, ಒಬ್ಬರು ಅಲ್ಲಿಯ ಶೇರಿನ ಸಂಖ್ಯೆ ಓದುತ್ತೇವೆ, ಇನ್ನೊಬ್ಬರು ಪಟ್ಟಿಯಲ್ಲಿ ಬೆರಳಿಟ್ಟು ನೋಡುತ್ತಾರೆ. ಹಿರಿಯರ ಅರವತ್ತು ಚಿಲ್ಲರೆ ಸಾಲಿಗೆ ಹೆಚ್ಚೆಂದರೆ ಅರ್ಧ ಗಂಟೆ ಬೇಕು.