ಹೆಸರು ಅದೇ, ಮನೆ ನಂಬರ್ ಬೇರೆ

ಹೊಸದುರ್ಗದ ಮನೆಯಲ್ಲೇ ಕೂತು ಬೆಂಗಳೂರಿನ ಆಫೀಸಿನ ಕೆಲಸ ಮಾಡ್ತೀನಿ. ನಮ್ಮ ಸರ್ವರ್ ಸಿಕ್ಕವರಿಗೆಲ್ಲ ಬಾಗಿಲು ತೆಗೆಯಲ್ಲ. ಅದರ ಹತ್ತಿರ ಒಂದು ಅಲೋಲಿಸ್ಟ್ ಇದೆ; ಅದರಲ್ಲಿರುವ ಐಪಿ ವಿಳಾಸಗಳಿಗೆ ಮಾತ್ರ ಪ್ರವೇಶ. ನನ್ನ ಮನೆಯದು 203.0.113.45 ಅಂತಿಟ್ಕೊಳ್ಳಿ.

ತಿಂಗಳ ಕೊನೆ. ಎಲ್ಲರ ಸಂಬಳದ ಫೈಲ್ ಅವತ್ತು ರಾತ್ರಿಯೇ ಹೋಗ್ಬೇಕು. ಸಂಜೆ ಮಳೆಗೆ ಕರೆಂಟ್ ಹೋಗಿ ಬಂತು. ಇಂಟರ್ನೆಟ್ ಚೆನ್ನಾಗೇ ಇದೆ, ಸರ್ವರ್ ಮಾತ್ರ ಮಾತಾಡ್ತಿಲ್ಲ. ರೂಟರ್ ಮತ್ತೆ ಆನ್ ಆದಾಗ ಅದಕ್ಕೆ ಹೊಸ ವಿಳಾಸ ಸಿಕ್ಕಿತ್ತು: 203.0.113.112. ಸರ್ವರ್ ಪಾಲಿಗೆ ನಾನು ಯಾರೋ ಅಪರಿಚಿತೆ! ಸರ್ವರ್ ನೋಡಿಕೊಳ್ಳುವ ಹುಡುಗ ಫೋನ್ ಎತ್ತಿದಾಗ ರಾತ್ರಿ ಹತ್ತೂವರೆ.

ಮರುದಿನ ಡೈನಮಿಕ್ ಡಿಎನ್‌ಎಸ್ ಹಾಕಿದೆ. ಮನೆಗೆ ಒಂದು ಖಾಯಂ ಹೆಸರು ಸಿಗುತ್ತೆ. ವಿಳಾಸ ಬದಲಾದಾಗಲೆಲ್ಲ ರೂಟರೇ ಆ ಹೆಸರಿಗೆ ಹೊಸ ನಂಬರ್ ಬರೆಸುತ್ತೆ. ಅಲೋಲಿಸ್ಟಿನಲ್ಲಿ ಆ ಹೆಸರನ್ನೇ ಹಾಕಿಸಿದೆ. ಮುಂದಿನ ಸಲ ಕರೆಂಟ್ ಹೋದಾಗ ಮತ್ತೆ ಹೊರಗೇ ಉಳಿದೆ!

ಕಾರಣ ಆಮೇಲೆ ತಿಳೀತು. ಸರ್ವರಿನಲ್ಲಿದ್ದ iptables, ನಿಯಮ ಸೇರಿಸುವಾಗ ಒಂದೇ ಸಲ ಹೆಸರನ್ನು ನಂಬರ್ ಮಾಡಿಕೊಳ್ಳುತ್ತೆ. ಆಮೇಲೆ ಅದು ಹೆಸರನ್ನು ತಿರುಗಿ ನೋಡಲ್ಲ. ಈಗ ಸರ್ವರಿನಲ್ಲಿ ಐದು ನಿಮಿಷಕ್ಕೊಮ್ಮೆ ಒಂದು ಸ್ಕ್ರಿಪ್ಟ್ ಓಡುತ್ತೆ. ಅದು ಹೆಸರಿನ ಇವತ್ತಿನ ನಂಬರ್ ಕೇಳಿ, ಹೊಸದನ್ನು ಸೇರಿಸಿ, ಹಳೆಯದನ್ನು ತೆಗೆಯುತ್ತೆ. ಉತ್ತರವೇ ಬರದಿದ್ದರೆ ಪಟ್ಟಿಯನ್ನು ಮುಟ್ಟಲ್ಲ.

ಹಳೆಯದನ್ನು ತೆಗೆಯುವುದೇ ಮುಖ್ಯ. ನಾನು ಬಿಟ್ಟ ನಂಬರ್ ನಾಳೆ ಬೇರೆ ಯಾರದೋ ಮನೆಗೆ ಹೋಗುತ್ತೆ. ಪಟ್ಟಿಯಲ್ಲಿ ಅದು ಉಳಿದರೆ ನಮ್ಮ ಬಾಗಿಲು ಅವರಿಗೂ ತೆರೆದಂತೆ. ಇನ್ನೊಂದು ಮಾತು: ಹೆಸರಿಗೆ ನಂಬರ್ ಬರೆಸುವ ಟೋಕನ್ ಯಾರ ಕೈಗೆ ಸಿಕ್ಕರೂ, ಅವರು ತಮ್ಮ ನಂಬರ್ ಬರೆಸಿ ಪಟ್ಟಿಯೊಳಗೆ ಬರಬಹುದು. ಹಾಗಾಗಿ ಅದನ್ನು ಪಾಸ್‌ವರ್ಡ್ ಥರ ಜೋಪಾನ ಮಾಡ್ತೀನಿ. ಅಲೋಲಿಸ್ಟ್ ದಾಟಿದ ಮೇಲೂ ಲಾಗಿನ್ ಕೀ ಬೇಕೇ ಬೇಕು.

ಇದನ್ನೆಲ್ಲ ಕೇಳಿ ಹಿರಿಯೂರಿನ ಅಣ್ಣನೂ ಮನೆಯ ಕ್ಯಾಮೆರಾ ಹೊರಗಿನಿಂದ ನೋಡೋಕೆ ಇದನ್ನೇ ಮಾಡಿದ. ಆಗಲಿಲ್ಲ. ಅವನ ರೂಟರ್ ಪುಟದಲ್ಲಿ ವ್ಯಾನ್ ವಿಳಾಸ 100.72 ರಿಂದ ಶುರುವಾಗಿತ್ತು. 100.64 ರಿಂದ 100.127 ರವರೆಗಿನದು ಕಂಡರೆ, ಒಂದೇ ಪಬ್ಲಿಕ್ ವಿಳಾಸವನ್ನು ಹಲವು ಮನೆಗಳು ಹಂಚಿಕೊಂಡಿವೆ ಅಂತ ಅರ್ಥ. ಅಲ್ಲಿ ಹೆಸರು ಸರಿಯಿದ್ದರೂ ಹೊರಗಿನ ಕರೆ ಅವನ ಮನೆ ತಲುಪಲ್ಲ. ಆ ವಿಳಾಸವನ್ನು ಅಲೋಲಿಸ್ಟಿಗೆ ಹಾಕಿದರೆ ಅಕ್ಕಪಕ್ಕದವರನ್ನೂ ಒಳಗೆ ಬಿಟ್ಟಂತೆ. ಅವನಿಗೆ ಸ್ಟ್ಯಾಟಿಕ್ ಐಪಿ ಕೇಳು ಅಂದೆ.

ನೀವೂ ಮೊದಲು ಆ ಪುಟ ತೆಗೆದು ನೋಡಿ. ಆಮೇಲೆ ಹೆಸರು ತಗೊಳ್ಳಿ.