ಮದುವೆಗೆ ಮೊದಲೇ ಆ ಮಾತ್ರೆಯ ಹೆಸರು ಓದಿ

ನನಗೆ ಮೂವತ್ತು ವರ್ಷ. ಊರು ಹನೂರು ತಾಲ್ಲೂಕಿನ ಮಾರ್ಟಳ್ಳಿ, ಕೆಲಸ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ. ಹದಿನಾರನೇ ವಯಸ್ಸಿನಿಂದ ನನಗೆ ಫಿಟ್ಸ್ ಇದೆ. ನಮ್ಮ ಮನೆಯೊಳಗೆ ತಮಿಳು, ಹೊರಗೆ ಕನ್ನಡ. ಆದ್ದರಿಂದ ಇದಕ್ಕೆ ನಮ್ಮಲ್ಲಿ ಹೆಸರುಗಳಿಗೇನೂ ಬರವಿಲ್ಲ. ವಲಿಪ್ಪು ಅಂತಾರೆ, ಮೂರ್ಛೆ ಅಂತಾರೆ, ಪಿಟ್ಸು ಅಂತಾರೆ. ಮದುವೆ ಮಾತು ಬಂದಾಗ ಮಾತ್ರ ಅದಕ್ಕೆ ಯಾವ ಹೆಸರೂ ಇರುವುದಿಲ್ಲ!

ನನ್ನದು ಹದಿಹರೆಯದಲ್ಲಿ ಶುರುವಾಗುವ ಒಂದು ಬಗೆ. ಬೆಳಿಗ್ಗೆ ಎದ್ದ ಅರ್ಧ ಗಂಟೆಯೊಳಗೆ ಕೈ ಜುಮ್ಮೆಂದು ಎಗರುತ್ತದೆ, ಹಿಡಿದ ಕಾಫಿ ಲೋಟ ಗೋಡೆಗೆ ಹೋಗಿ ಬೀಳುತ್ತದೆ. ಮೈಯಲ್ಲಿ ಪ್ರಜ್ಞೆ ಇರುತ್ತದೆ. ನಿದ್ದೆಗೆಟ್ಟರೆ ಆ ಜಗ್ಗು ಹೆಚ್ಚಾಗಿ ಪೂರ್ತಿ ಫಿಟ್ಸೇ ಬಂದುಬಿಡುತ್ತದೆ. ಈ ಬಗೆಗೆ ಚೆನ್ನಾಗಿ ಒಗ್ಗುವ ಹಳೆಯ ಮಾತ್ರೆ ಸೋಡಿಯಂ ವಾಲ್ಪ್ರೊಯೇಟ್. ನನಗೂ ಒಗ್ಗಿತು. ಬೆಳಿಗ್ಗೆ 300, ರಾತ್ರಿ 500 ಮಿಲಿಗ್ರಾಂ ತೆಗೆದುಕೊಂಡೇ ಪಿಯುಸಿ, ಎಂಜಿನಿಯರಿಂಗ್, ನೌಕರಿ ಎಲ್ಲ ಆಯಿತು. ವರ್ಷಕ್ಕೊಮ್ಮೆ ಡಾಕ್ಟರು ಚೀಟಿ ನವೀಕರಿಸುತ್ತಿದ್ದರು. "ಮಗು ಬೇಕು ಅನಿಸುವ ಒಂದು ವರ್ಷ ಮೊದಲು ಬಂದು ಹೇಳಮ್ಮ" ಎಂಬ ಒಂದೇ ಒಂದು ಮಾತನ್ನು ಹತ್ತು ವರ್ಷದಲ್ಲಿ ಯಾರೂ ಹೇಳಲಿಲ್ಲ. ಮದುವೆಯಾದ ಮೇಲೆ ಹೊಸದಾಗಿ ನೋಡಿದ ನರರೋಗ ತಜ್ಞೆ ಚೀಟಿ ನೋಡಿದವರೇ ಕೇಳಿದ ಮೊದಲ ಪ್ರಶ್ನೆ, "ಮಕ್ಕಳ ಯೋಚನೆ ಯಾವಾಗ?"

ವಿಷಯ ಇಷ್ಟು. ಯಾವ ಕಾಯಿಲೆ, ಯಾವ ಔಷಧಿಯೂ ಇಲ್ಲದ ತಾಯಂದಿರಲ್ಲೂ ನೂರಕ್ಕೆ ಎರಡು ಮೂರು ಮಕ್ಕಳಿಗೆ ಹುಟ್ಟಿನಿಂದಲೇ ಏನಾದರೂ ದೊಡ್ಡ ಊನ ಇರುತ್ತದೆ. ಗರ್ಭದ ಸಮಯದಲ್ಲಿ ವಾಲ್ಪ್ರೊಯೇಟ್ ತೆಗೆದುಕೊಂಡವರಲ್ಲಿ ಇದು ನೂರಕ್ಕೆ ಸುಮಾರು ಹತ್ತು. ಡೋಸ್ ಏರಿದಷ್ಟೂ ಅಪಾಯ ಏರುತ್ತದೆ. ಬೆನ್ನುಹುರಿಯ ಕೊಳವೆ ಮುಚ್ಚದೇ ಇರುವುದು, ಹೃದಯದ ತೊಂದರೆ, ಸೀಳು ತುಟಿ, ಇಂಥವು. ಇವು ಕಣ್ಣಿಗೆ, ಸ್ಕ್ಯಾನಿಂಗಿಗೆ ಕಾಣುವಂಥವು. ಕಾಣದೇ ಇರುವುದು ಇನ್ನೊಂದಿದೆ. ಅಮೆರಿಕ ಮತ್ತು ಬ್ರಿಟನ್ನಿನಲ್ಲಿ ಇಂಥ ತಾಯಂದಿರ ಮಕ್ಕಳನ್ನು ಆರು ವರ್ಷದವರೆಗೆ ಹಿಂಬಾಲಿಸಿ ನೋಡಿದ ಒಂದು ಅಧ್ಯಯನ 2013ರಲ್ಲಿ ಬಂತು. ವಾಲ್ಪ್ರೊಯೇಟ್ ಸೋಕಿದ ಮಕ್ಕಳ ಸರಾಸರಿ ಐಕ್ಯೂ, ಬೇರೆ ಫಿಟ್ಸ್ ಮಾತ್ರೆ ಸೋಕಿದ ಮಕ್ಕಳಿಗಿಂತ 8ರಿಂದ 11 ಅಂಕ ಕಡಿಮೆ ಇತ್ತು. ಯಾವ ಸ್ಕ್ಯಾನೂ ಇದನ್ನು ತೋರಿಸುವುದಿಲ್ಲ. ಮಗು ಶಾಲೆಗೆ ಹೋದ ಮೇಲೆ ಗೊತ್ತಾಗುವ ಸಂಗತಿ ಇದು. ಅದೇ ಲ್ಯಾಮೊಟ್ರಿಜಿನ್, ಲೆವೆಟಿರಾಸೆಟಮ್ ಎಂಬ ಎರಡು ಮಾತ್ರೆಗಳಲ್ಲಿ ಊನದ ಅಪಾಯ ನೂರಕ್ಕೆ ಮೂರರ ಆಸುಪಾಸು, ಅಂದರೆ ಎಲ್ಲರಿಗೂ ಇರುವಷ್ಟೇ ಹತ್ತಿರ.

ನಮ್ಮ ಪಕ್ಕದ ಕೇರಳದಲ್ಲೇ ಇದರ ಲೆಕ್ಕ ಇಡುವ ಕೆಲಸ ನಡೆದಿದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ 1998ರಿಂದ ಫಿಟ್ಸ್ ಇರುವ ಗರ್ಭಿಣಿಯರ ನೋಂದಣಿ ಇಟ್ಟು, ಅವರನ್ನೂ ಮಕ್ಕಳನ್ನೂ ಹಿಂಬಾಲಿಸುತ್ತ ಬಂದಿದೆ. ಬಹುಪಾಲು ತಾಯಂದಿರಿಗೆ ಆರೋಗ್ಯವಂತ ಮಕ್ಕಳೇ ಆಗುತ್ತಾರೆ ಎಂಬುದಕ್ಕೂ, ಮಾತ್ರೆಯ ಆಯ್ಕೆ ಮುಖ್ಯ ಎಂಬುದಕ್ಕೂ ನಮ್ಮ ನೆಲದ್ದೇ ಸಾಕ್ಷಿ ಅದು.

"ಗರ್ಭ ನಿಂತ ಮೇಲೆ ಬದಲಾಯಿಸಿದರಾಯಿತಲ್ಲ" ಅಂತ ನನ್ನ ಅತ್ತೆ ಕೇಳಿದರು. ನ್ಯಾಯವಾದ ಪ್ರಶ್ನೆ. ಕ್ಯಾಲೆಂಡರ್ ತೆಗೆದು ಅವರ ಮುಂದೆಯೇ ಲೆಕ್ಕ ಹಾಕಿದೆ. ಮೂವತ್ತು ದಿನದ ತಿಂಗಳು ಅಂದುಕೊಳ್ಳಿ. 1ನೇ ತಾರೀಖು ಮುಟ್ಟಾದರೆ, ಗರ್ಭ ಕಟ್ಟುವುದು 15ರ ಸುಮಾರಿಗೆ. ಮುಂದಿನ ಮುಟ್ಟು ಬರಬೇಕಾದದ್ದು 29ಕ್ಕೆ. ಹೆಚ್ಚು ಕಮ್ಮಿ ಆಗುತ್ತೆ ಅಂತ ಒಂದು ವಾರ ಕಾಯುತ್ತೇವೆ. 8ನೇ ತಾರೀಖು ಟೆಸ್ಟ್ ಪಟ್ಟಿಯಲ್ಲಿ ಎರಡು ಗೆರೆ ಕಾಣುತ್ತದೆ. ಮನೆಯಲ್ಲಿ ಹೇಳಿ, ರಜೆ ನೋಡಿ, ಮಾರ್ಟಳ್ಳಿಯಿಂದ ಬಸ್ಸು ಹಿಡಿದು ಕೊಳ್ಳೇಗಾಲಕ್ಕೆ ಹೋಗುವ ಹೊತ್ತಿಗೆ 13 ಆಗಿರುತ್ತದೆ. ಗರ್ಭ ಕಟ್ಟಿ ಅಂದಿಗೆ 28 ದಿನ. ಮಗುವಿನ ಬೆನ್ನುಹುರಿಯ ಕೊಳವೆ ಮುಚ್ಚಿ ಮುಗಿಯುವುದು ಸುಮಾರು ಆ 28ನೇ ದಿನಕ್ಕೇ. ಮುಚ್ಚದೇ ಉಳಿದಿದ್ದರೆ ಆಮೇಲೆ ಯಾವ ಮಾತ್ರೆ ಬದಲಿಸಿದರೂ ಅದು ಮುಚ್ಚುವುದಿಲ್ಲ. ಅತ್ತೆ ಕ್ಯಾಲೆಂಡರನ್ನೇ ನೋಡುತ್ತ ಕೂತರು, ಮತ್ತೆ ಕೇಳಲಿಲ್ಲ.

ಹಾಗಂತ ಇವತ್ತೇ ಮಾತ್ರೆ ಬಿಸಾಡುವ ಹಾಗಿಲ್ಲ. ಇದನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಒಮ್ಮೆಲೇ ನಿಲ್ಲಿಸಿದರೆ ಒಂದರ ಹಿಂದೆ ಒಂದು ಫಿಟ್ಸ್ ಬಂದು ಪ್ರಾಣಕ್ಕೇ ಕುತ್ತು. ಈಗಾಗಲೇ ಗರ್ಭಿಣಿ ಆಗಿದ್ದರೂ ಅಷ್ಟೇ, ಮಾತ್ರೆ ನುಂಗುತ್ತಲೇ ಅದೇ ವಾರ ಡಾಕ್ಟರನ್ನು ಕಾಣಬೇಕು.

ಬದಲಾವಣೆ ಹೇಗೆ ನಡೆಯಿತು ಅಂತ ನನ್ನದೇ ಲೆಕ್ಕ ಹೇಳುತ್ತೇನೆ. ಇದು ನನ್ನ ಡೋಸು, ನಿಮ್ಮದಲ್ಲ. ನಮ್ಮ ಕೆಲಸದಲ್ಲಿ ಹೊಸ ಸರ್ವರ್ ಪೂರ್ತಿ ಭಾರ ಹೊರುತ್ತಿದೆ ಎಂದು ಖಾತ್ರಿಯಾಗುವ ತನಕ ಹಳೆಯದನ್ನು ಆರಿಸುವುದಿಲ್ಲ. ಇಲ್ಲಿಯೂ ಹಾಗೇ. ಮೊದಲು ವಾಲ್ಪ್ರೊಯೇಟ್ ಮುಟ್ಟದೆ ಲೆವೆಟಿರಾಸೆಟಮ್ 250 ಮಿಲಿಗ್ರಾಂ ಎರಡು ಹೊತ್ತು. ಎರಡು ವಾರಕ್ಕೆ 500, ಮತ್ತೆರಡು ವಾರಕ್ಕೆ 750. ಅದು ನೆಲೆ ನಿಂತ ಮೇಲೆ ವಾಲ್ಪ್ರೊಯೇಟ್ 800ರಿಂದ 600ಕ್ಕೆ, ಮೂರು ವಾರ ಬಿಟ್ಟು ರಾತ್ರಿ 300 ಮಾತ್ರ. ಅಲ್ಲಿಗೆ ಬಂದಾಗ ಬೆಳಗಿನ ಜಗ್ಗು ಮರಳಿ ಬಂತು. ಹಲ್ಲುಜ್ಜುವಾಗ ಬ್ರಶ್ ಕೈಯಿಂದ ಹಾರಿತು. ಇದೇ ಮುನ್ಸೂಚನೆ, ಇದನ್ನು ಬಚ್ಚಿಡಬಾರದು ಅಂತ ಡಾಕ್ಟರು ಮೊದಲೇ ಹೇಳಿದ್ದರು. ಇಳಿಸುವುದನ್ನು ಅಲ್ಲಿಗೇ ನಿಲ್ಲಿಸಿ, ಹೊಸ ಮಾತ್ರೆಯನ್ನು 1000ಕ್ಕೆ ಏರಿಸಿ, ಒಂದು ತಿಂಗಳು ಕಾದು, ಆಮೇಲೆ ಉಳಿದ 300 ತೆಗೆದರು. ಒಟ್ಟು ಸುಮಾರು ಐದು ತಿಂಗಳು ಹಿಡಿಯಿತು.

ಲ್ಯಾಮೊಟ್ರಿಜಿನ್ ಯಾಕೆ ಕೊಡಲಿಲ್ಲ ಅಂತ ಕೇಳಿದ್ದೆ. ಕೆಲವರಲ್ಲಿ ಅದು ಈ ಬೆಳಗಿನ ಜಗ್ಗನ್ನು ಹೆಚ್ಚಿಸುತ್ತದಂತೆ. ಜೊತೆಗೆ, ಮೈಯಲ್ಲಿ ವಾಲ್ಪ್ರೊಯೇಟ್ ಇರುವಾಗ ಲ್ಯಾಮೊಟ್ರಿಜಿನ್ ರಕ್ತದಲ್ಲಿ ದುಪ್ಪಟ್ಟು ಉಳಿಯುತ್ತದೆ, ಬೇಗ ಏರಿಸಿದರೆ ಮೈತುಂಬ ಅಪಾಯಕಾರಿ ದದ್ದು ಏಳಬಹುದು. ಬೇರೆ ಬಗೆಯ ಫಿಟ್ಸ್ ಇರುವ ಎಷ್ಟೋ ಜನಕ್ಕೆ ಅದೇ ಒಳ್ಳೆಯ ಮಾತ್ರೆ. ಅದಕ್ಕೇ ಪಕ್ಕದ ಮನೆಯವಳ ಚೀಟಿ ನೋಡಿ ಮಾತ್ರೆ ತೆಗೆದುಕೊಳ್ಳಬೇಡಿ ಅನ್ನುವುದು.

ಹೊಸ ಮಾತ್ರೆಯೂ ಪುಕ್ಕಟೆ ಅಲ್ಲ. ಮೊದಲ ಎರಡು ತಿಂಗಳು ನನಗೆ ವಿಪರೀತ ಸಿಡುಕು. ಸಾರಿಗೆ ಉಪ್ಪು ಕಮ್ಮಿ ಅಂದರೆ ಅಳು, ಮೀಟಿಂಗಿನಲ್ಲಿ ಯಾರೋ ಪ್ರಶ್ನೆ ಕೇಳಿದರೆ ಕೋಪ. ಇದು ಲೆವೆಟಿರಾಸೆಟಮ್‌ನ ಗೊತ್ತಿರುವ ಅಡ್ಡಪರಿಣಾಮ. ಗಂಡನಿಗೆ ಮೊದಲೇ ಹೇಳಿದ್ದರಿಂದ ಸಂಸಾರ ಉಳಿಯಿತು ಅನ್ನಿ. ಸಿಡುಕು ದಾಟಿ ಸಾಯುವ ಯೋಚನೆ ಬಂದರೆ ಮಾತ್ರ ತಡಮಾಡದೆ ಡಾಕ್ಟರಿಗೆ ಹೇಳಬೇಕು. ಆ ಐದು ತಿಂಗಳು ನಾನು ಸ್ಕೂಟಿ ಮುಟ್ಟಲಿಲ್ಲ. ರಾತ್ರಿ ಪಾಳಿಯಿಂದ ಹೆಸರು ತೆಗೆಸಿಕೊಂಡೆ. ಒಲೆ ಮೇಲೆ ಮುದ್ದೆ ತಿರುವುವ ಕೆಲಸ ಗಂಡನ ಪಾಲಿಗೆ ಬಂತು. ಗಂಟಿಲ್ಲದ ಮುದ್ದೆ ಬರುವುದಕ್ಕೂ ಅವನಿಗೆ ಐದು ತಿಂಗಳೇ ಬೇಕಾಯಿತು.

ಈ ಅವಧಿಯಲ್ಲಿ ಗರ್ಭ ನಿಲ್ಲಬಾರದು. ಅದಕ್ಕೆ ಗರ್ಭನಿರೋಧಕದ ಮಾತೂ ಅದೇ ಕೋಣೆಯಲ್ಲಿ ಆಗಬೇಕು. ಲೆವೆಟಿರಾಸೆಟಮ್‌ಗೂ ಗರ್ಭನಿರೋಧಕ ಗುಳಿಗೆಗೂ ಜಗಳವಿಲ್ಲ. ಆದರೆ ಫೆನಿಟೋಯಿನ್, ಫೆನೊಬಾರ್ಬಿಟಾಲ್, ಕಾರ್ಬಮಜಪೀನ್ ತೆಗೆದುಕೊಳ್ಳುವವರಲ್ಲಿ ಗುಳಿಗೆಯ ಬಲ ಕುಂದುತ್ತದೆ. ತಪ್ಪದೆ ನುಂಗಿದರೂ ಗರ್ಭ ನಿಲ್ಲಬಹುದು.

ಇನ್ನು ಫೋಲಿಕ್ ಆಸಿಡ್. ನನಗೆ ದಿನಕ್ಕೆ 5 ಮಿಲಿಗ್ರಾಂ ಬರೆದರು, ಗರ್ಭಕ್ಕೆ ಯತ್ನಿಸುವ ಮೂರು ತಿಂಗಳು ಮೊದಲಿನಿಂದ. ಎಷ್ಟು ಬೇಕು ಎಂಬುದರಲ್ಲಿ ತಜ್ಞರಲ್ಲೇ ಒಮ್ಮತವಿಲ್ಲ, ಕೆಲವರು ಇದಕ್ಕಿಂತ ಕಡಿಮೆ ಸಾಕು ಅನ್ನುತ್ತಾರೆ. ಆದರೆ ಗರ್ಭಕ್ಕೆ ಮೊದಲೇ ಶುರುವಾಗಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಊರಲ್ಲಿ ಆಶಾ ಅಕ್ಕ ಕೊಡುವ ಕೆಂಪು ಕಬ್ಬಿಣದ ಮಾತ್ರೆಯಲ್ಲಿ ಫೋಲಿಕ್ ಆಸಿಡ್ ಅರ್ಧ ಮಿಲಿಗ್ರಾಂ ಇರುತ್ತದೆ. ಅದೂ ಇದೂ ಒಂದೇ ಅಲ್ಲ. 5 ಆಗಲಿ ಅಂತ ಅದನ್ನೇ ಹತ್ತು ನುಂಗಿದರೆ ಕಬ್ಬಿಣ ಮಿತಿಮೀರಿ ಅಪಾಯ. ಇನ್ನೊಂದು ಮಾತು, ಫೋಲಿಕ್ ಆಸಿಡ್ ತೆಗೆದುಕೊಂಡರೆ ವಾಲ್ಪ್ರೊಯೇಟಿನ ಅಪಾಯ ಹೋಗುತ್ತದೆ ಅನ್ನುವುದು ಸುಳ್ಳು ಸಮಾಧಾನ.

ನಮ್ಮ ಚಿಕ್ಕಪ್ಪನ ಮಗಳಿಗಾಗಿಯೇ ನಾನು ಇದನ್ನೆಲ್ಲ ಬರೆಯಲು ಕೂತದ್ದು. ವಯಸ್ಸು 22, ಮಾರ್ಟಳ್ಳಿಯಲ್ಲೇ ಇದ್ದಾಳೆ, ಮದುವೆ ಗೊತ್ತಾಗಿದೆ. ಕಳೆದ ಸಲ ಊರಿಗೆ ಹೋದಾಗ ಅವಳ ಮಾತ್ರೆ ಹಾಳೆ ತಿರುಗಿಸಿ ನೋಡಿದೆ. ಮೇಲೆ ದೊಡ್ಡದಾಗಿ ಕಂಪನಿ ಇಟ್ಟ ಹೆಸರು, ಕೆಳಗೆ ಸಣ್ಣ ಅಕ್ಷರದಲ್ಲಿ ಸೋಡಿಯಂ ವಾಲ್ಪ್ರೊಯೇಟ್, ವಾಲ್ಪ್ರೊಯಿಕ್ ಆಸಿಡ್. ದಿನಕ್ಕೆ 1000. ಕೆಲವು ಹಾಳೆಗಳ ಮೇಲೆ ಡೈವಾಲ್ಪ್ರೊಯೆಕ್ಸ್ ಅಂತಿರುತ್ತದೆ, ಅದೂ ಇದೇ. ಮೈಗ್ರೇನ್ ತಲೆನೋವಿಗೂ, ಮನೋರೋಗಕ್ಕೂ ಇದನ್ನು ಕೊಡುತ್ತಾರೆ, ಹಾಗಾಗಿ "ನನಗೆ ಫಿಟ್ಸ್ ಇಲ್ಲವಲ್ಲ" ಅನ್ನುವವರೂ ಒಮ್ಮೆ ಹಾಳೆ ತಿರುಗಿಸಿ ನೋಡಿ.

"ಅಕ್ಕಾ, ಅವರ ಮನೇಲಿ ಹೇಳಿಲ್ಲ ಕಣಕ್ಕ. ಮದುವೆ ಆಗೋವರ್ಗೂ ಸುಮ್ಮನಿರು ಅಂದವ್ರೆ ಅಪ್ಪ" ಅಂದಳು. ಬಚ್ಚಿಟ್ಟು ಮದುವೆಯಾದವಳು ಮೊದಲು ಬಿಡುವುದು ಮಾತ್ರೆಯನ್ನೇ. ಗಂಡನ ಮನೆಯಲ್ಲಿ ಯಾರೂ ನೋಡದ ಹಾಗೆ ದಿನಾ ಎರಡು ಹೊತ್ತು ಮಾತ್ರೆ ನುಂಗುವುದು ಸಾಧ್ಯವಾ? ಮದುವೆ ಮನೆಯ ನಿದ್ದೆಗೇಡು ಬೇರೆ. ಮೊದಲ ವರ್ಷವೇ "ಏನೂ ವಿಶೇಷ ಇಲ್ವಾ" ಅಂತ ಕೇಳುವ ನಮ್ಮ ಕಡೆ, ಐದು ತಿಂಗಳು ಮಾತ್ರೆ ಬದಲಿಸಲು, ಆರು ತಿಂಗಳು ಕಾಯಲು ಗುಟ್ಟಾಗಿ ಸಮಯ ಎಲ್ಲಿಂದ ತರುವುದು? ಚಿಕ್ಕಪ್ಪನಿಗೆ ಕಾನೂನಿನ ಭಯವೂ ಇತ್ತು, ಫಿಟ್ಸ್ ಇದ್ದರೆ ಮದುವೆಯೇ ಅಸಿಂಧು ಅಂತ ಯಾರೋ ಹೇಳಿದ್ದರಂತೆ. ಹಿಂದೂ ವಿವಾಹ ಕಾಯ್ದೆಯಲ್ಲೂ ವಿಶೇಷ ವಿವಾಹ ಕಾಯ್ದೆಯಲ್ಲೂ ಹಿಂದೆ ಆ ಮಾತು ಇದ್ದದ್ದು ನಿಜ. 1999ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಿದ್ದಾರೆ. ಮಗುವಿಗೂ ಬಂದುಬಿಡುತ್ತದೆ ಅನ್ನುವ ಹೆದರಿಕೆಗೂ ಉತ್ತರ ಇದೆ. ಬೇರೆ ಮಕ್ಕಳಿಗಿಂತ ಸ್ವಲ್ಪ ಹೆಚ್ಚು ಸಾಧ್ಯತೆ ಇದೆ, ಆದರೂ ಫಿಟ್ಸ್ ಇರುವ ತಾಯಂದಿರ ಬಹುಪಾಲು ಮಕ್ಕಳಿಗೆ ಅದು ಬರುವುದಿಲ್ಲ.

ಚಿಕ್ಕಪ್ಪ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಮೂರನೇ ದಿನ ಹುಡುಗನಿಗೆ ಅವಳೇ ಫೋನ್ ಮಾಡಿ ಹೇಳಿದಳು. ಅವನು ಕೇಳಿದ್ದು ಒಂದೇ, "ಡಾಕ್ಟರ ಹತ್ತಿರ ಹೋಗುವಾಗ ನಾನೂ ಬರಲಾ?" ಅವನ ತಾಯಿ ಇನ್ನೂ ಒಪ್ಪಿಲ್ಲ. ಮದುವೆ ದಿನ ಸದ್ಯಕ್ಕೆ ಮುಂದೆ ಹೋಗಿದೆ. ಮುಂದಿನ ತಿಂಗಳು ಅವಳನ್ನು ನಿಮ್ಹಾನ್ಸ್ ಹೊರರೋಗಿ ವಿಭಾಗಕ್ಕೆ ಕರೆದುಕೊಂಡು ಹೋಗಬೇಕು. ಹಳೆಯ ಚೀಟಿ, ಇಇಜಿ, ಫಿಟ್ಸ್ ಬಂದ ತಾರೀಖುಗಳ ಪಟ್ಟಿ, ಬಂದಾಗ ಯಾರಾದರೂ ಮೊಬೈಲಿನಲ್ಲಿ ತೆಗೆದ ವಿಡಿಯೋ ಇದ್ದರೆ ಅದು, ಇಷ್ಟನ್ನು ಒಂದು ಚೀಲಕ್ಕೆ ಹಾಕಿಡು ಅಂತ ಹೇಳಿದ್ದೇನೆ.

ನನಗೆ ಫಿಟ್ಸ್ ಬರದೆ, ಜಗ್ಗೂ ಇಲ್ಲದೆ ಈಗ ಏಳು ತಿಂಗಳು. ಗರ್ಭದಲ್ಲಿ ಈ ಮಾತ್ರೆ ರಕ್ತದಲ್ಲಿ ಕಡಿಮೆಯಾಗುತ್ತ ಹೋಗುತ್ತದೆ, ಆಗ ಹೋಲಿಸಿ ಡೋಸ್ ಏರಿಸಲು ಈಗಿನ ಮಟ್ಟ ಗೊತ್ತಿರಬೇಕು ಎಂದು ಹೋದ ವಾರ ರಕ್ತ ಕೊಟ್ಟು ಬಂದೆ. ಬೆಳಗಿನ ಮಾತ್ರೆ ನುಂಗುವ ಮೊದಲೇ ತೆಗೆಯಬೇಕಂತೆ. ವರದಿ ಸೋಮವಾರ ಬರುತ್ತದೆ.